ನಾಲ್ಕೇ ಮೀಟರ್ ಡೈಪೋಲಲ್ಲಿ 40 ಮೀಟರ್ ಬ್ಯಾಂಡ್: ನನ್ನ ಅನುಭವ

ಬಾಡಿಗೆ ಮನೆ ಟೆರೇಸಲ್ಲಿ ಓನರ್ ಕೊಟ್ಟಿದ್ದು ನಾಲ್ಕು ಮೀಟರ್ ಜಾಗ. 7.1 MHzಗೆ ಅರ್ಧ ತರಂಗ ಅಂದ್ರೆ 20 ಮೀಟರ್ ಮೇಲೆ ಬೇಕು, ಇದ್ರಲ್ಲಿ ಏನ್ ಕಿತ್ಕೊಳ್ತೀಯಾ ಅಂತ ನಮ್ಮ ಹ್ಯಾಮ್ ಗೆಳೆಯರೆಲ್ಲ ನಕ್ಕಿದ್ರು.

ಮೊದಲನೇ ಸಲ ನಕ್ಕಿದ್ದು ಸರಿಯಾಗೇ ಇತ್ತು. ಪಿವಿಸಿ ಪೈಪ್ ಮೇಲೆ ಸಣ್ಣ ತಂತಿ ಸುತ್ತಿ ಮಧ್ಯಕ್ಕೆ ಕಾಯಿಲ್ ಹಾಕ್ದೆ, ರೆಸೊನೆನ್ಸ್ ಸಿಕ್ತು, SWR ಸುಮಾರು ಎರಡೂವರೆ, ಖುಷಿಪಟ್ಟೆ. 20 ವ್ಯಾಟ್ ಹೊಡೆದ್ರೂ ಯಾರಿಗೂ ಕೇಳಿಸ್ತಿಲ್ಲ! ಕಾಯಿಲ್ ಮುಟ್ಟಿದ್ರೆ ಬಿಸಿ ಬಿಸಿ. ಆಮೇಲೆ ಅನಲೈಸರ್ ಹಾಕಿ ನೋಡಿದ್ರೆ ರೆಸೊನೆನ್ಸಲ್ಲಿ 20 ಓಮ್ ತೋರಿಸ್ತು. ಈ ಉದ್ದಕ್ಕೆ ರೇಡಿಯೇಷನ್ ರೆಸಿಸ್ಟೆನ್ಸ್ ಲೆಕ್ಕ ಹಾಕಿದ್ರೆ ಎರಡು ಓಮ್ ಕೂಡ ಬರಲ್ಲ, ಉಳಿದ 18 ಪೂರ್ತಿ ಶಾಖ. ಕರೆಂಟ್ ಒಂದು ಆಂಪ್ಸ್, ಅಂದ್ರೆ ಗಾಳಿಗೆ ಹೋಗ್ತಿದ್ದಿದ್ದು ಎರಡು ವ್ಯಾಟ್‌ಗಿಂತ ಕಮ್ಮಿ.

ತುದಿ ಹತ್ರ ಎಲೆಕ್ಟ್ರಾನ್‌ಗೆ ಮುಂದೆ ಹೋಗೋಕೆ ಜಾಗ ಇಲ್ಲ, ಅಲ್ಲಿ ಕರೆಂಟ್ ಸೊನ್ನೆ, ಸುಮ್ನೆ ಕೂತಿರೋ ಚಾರ್ಜ್ ಏನೂ ರೇಡಿಯೇಟ್ ಮಾಡಲ್ಲ. ಅದಕ್ಕೆ ಎರಡೂ ತುದಿಗೆ 60 ಸೆಂ.ಮೀ. ಕಡ್ಡಿಗಳ ಚಕ್ರ ಕಟ್ಟಿದೆ, ಹರ್ಟ್ಸ್ 1887ರಲ್ಲೇ ತನ್ನ ಡೈಪೋಲ್ ತುದಿಗೆ ದೊಡ್ಡ ಗೋಳ ಇಟ್ಟಿದ್ದ, ನಂದೇನು ಹೊಸದಲ್ಲ. ಕರೆಂಟ್ ಉದ್ದಕ್ಕೂ ಒಂದೇ ಸಮ ಇದ್ರೆ ರೆಸಿಸ್ಟೆನ್ಸ್ ನಾಲ್ಕು ಪಟ್ಟು ಆಗ್ಬೇಕು, ನಂಗೆ ಎರಡೂವರೆ ಪಟ್ಟು ಸಿಕ್ತು, ನಾಲ್ಕೂವರೆ ಓಮ್ ಇರ್ಬೋದು. ಕಾಯಿಲ್ ಕೂಡ ಅರ್ಧಕ್ಕೆ ಇಳೀತು, ಅದನ್ನ ಗುಜರಿಯಲ್ಲಿ ಸಿಕ್ಕ ಏಸಿ ತಾಮ್ರದ ಪೈಪಲ್ಲಿ ಸುತ್ತಿದೆ, 600 ರೂಪಾಯಿ.

ಮಜಾ ಇರೋದು ಇಲ್ಲೇ. SWR ಐದೂವರೆಗೆ ಹೋಯ್ತು! "ಕೆಡಿಸ್ಬಿಟ್ಟೆ ಕಣೋ, ಸುಮ್ನೆ ಟ್ಯೂನರ್ ತಗೋ" ಅಂದ ಒಬ್ಬ. ನಂಗೆ ಅದೇ ಬೇಕಾಗಿತ್ತು, ಯಾಕಂದ್ರೆ ಅನಲೈಸರಲ್ಲಿ 20 ಇದ್ದಿದ್ದು 9 ಆಗಿತ್ತು, ಅಂದ್ರೆ ಲಾಸ್ ಹೋಗಿದೆ. ಫೀಡ್ ಪಾಯಿಂಟಿಗೆ ಅಡ್ಡಲಾಗಿ ಒಂದು ಪುಟ್ಟ ಕಾಯಿಲ್ ಹಾಕಿ 50ಕ್ಕೆ ತಂದೆ (ಎಷ್ಟು ಸುತ್ತು ಅಂತ ಹೇಳಲ್ಲ, ನೀವೂ ಒಂದ್ ಭಾನುವಾರ ಹಾಳು ಮಾಡ್ಕೊಳ್ಳಿ). ಈಗ ಕರೆಂಟ್ ಒಂದೂವರೆ ಆಂಪ್ಸ್, ಹತ್ತು ವ್ಯಾಟ್ ಗಾಳಿಗೆ. ಎಸ್ ಮೀಟರಲ್ಲಿ ಒಂದು ಪಾಯಿಂಟ್ ಮೇಲೆ. ಒಟ್ಟು ಖರ್ಚು ಎರಡೂವರೆ ಸಾವಿರ ಆಗಿರ್ಬೇಕು. ಒಂದೇ ಕಷ್ಟ, ಬ್ಯಾಂಡ್‌ವಿಡ್ತ್ ಕಿರಿದಾಗೋಯ್ತು, ಸ್ವಲ್ಪ ಫ್ರೀಕ್ವೆನ್ಸಿ ಬದಲಾಯಿಸಿದ್ರೂ ಮತ್ತೆ ಟ್ಯೂನ್ ಮಾಡ್ಬೇಕು.

ಚಟಕ್ಕೆ ಬಿದ್ದು ಅದೇ ಚಕ್ರ ಇಟ್ಕೊಂಡು ಚಿಕ್ಕ ಕಾಯಿಲ್ ಹಾಕಿ 14 MHz ನೋಡ್ದೆ. ಫ್ರೀಕ್ವೆನ್ಸಿ ಡಬಲ್, ಅದೇ ಕರೆಂಟಿಗೆ ಪವರ್ ನಾಲ್ಕು ಪಟ್ಟು ಅಂತಾರಲ್ಲ, ಅನಲೈಸರ್ 20ರ ಸುತ್ತಮುತ್ತ ತೋರಿಸ್ತು. ಇದು ಹಳೇ 20 ಅಲ್ಲ ಮತ್ತೆ, ಕಾಯಿಲ್ ಮುಟ್ಟಿ ನೋಡ್ದೆ, ತಣ್ಣಗಿತ್ತು.