ನೀಲಿ ಬೆಳಕು ನಂಬಿ ಮೂರು ವರ್ಷ

ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ರಿಪೇರಿ ಅಂಗಡಿ ಇದೆ. ಟ್ಯೂಬ್‌ಲೈಟು, ಚೋಕು, ಸ್ಟಾರ್ಟರು, ಇದರಲ್ಲೇ 20 ವರ್ಷ ಕಳೆದಿದ್ದೇನೆ. ತುದಿ ಕಪ್ಪಾದ ಟ್ಯೂಬನ್ನು ದೂರದಿಂದ ನೋಡಿಯೇ ಇದು ಜಾಸ್ತಿ ದಿನ ಬರಲ್ಲ ಅಂತ ಗಿರಾಕಿಗೆ ಹೇಳುತ್ತೇನೆ. ಆದರೆ ನಮ್ಮ ಮನೆಯ ಅಡುಗೆಮನೆ ಗೋಡೆಯಲ್ಲಿದ್ದ ವಾಟರ್ ಪ್ಯೂರಿಫೈಯರಿನ ಯುವಿ ದೀಪ ಕೆಲಸ ಬಿಟ್ಟಿದ್ದು ನನಗೇ ಗೊತ್ತಾಗಿರಲಿಲ್ಲ. ಯಾಕೆಂದರೆ ಅದು ಉರಿಯುತ್ತಲೇ ಇತ್ತು.

ನಮ್ಮದು ಆರ್‌ಒ ಇಲ್ಲದ ಹಳೇ ಮಾದರಿ. ಮೊದಲು ಕೊಳೆ ತಡೆಯುವ ಫಿಲ್ಟರ್, ಆಮೇಲೆ ಕಾರ್ಬನ್, ಕೊನೆಗೆ ಸ್ಟೀಲ್ ಕೊಳವೆಯೊಳಗೆ ಯುವಿ ದೀಪ. ನೀರು ತುಂಬಿಕೊಳ್ಳುವ ಟ್ಯಾಂಕ್ ಇಲ್ಲ, ನಲ್ಲಿ ತಿರುಗಿಸಿದರೆ ನೇರ ಬರುತ್ತದೆ. ಸ್ವಿಚ್ ಹಾಕಿದ್ದಷ್ಟು ಹೊತ್ತೂ ದೀಪ ಉರಿಯುತ್ತದೆ. ಮನೆಯಲ್ಲಿ ಯಾರೂ ಸ್ವಿಚ್ ಆರಿಸುತ್ತಿರಲಿಲ್ಲ. ಬೆಳಿಗ್ಗೆ ಹಿಡಿದ ಮೊದಲ ಲೋಟ ನೀರು ಉಗುರುಬೆಚ್ಚಗೆ ಇರುತ್ತಿತ್ತು. ರಾತ್ರಿಯೆಲ್ಲ ದೀಪದ ಪಕ್ಕ ನಿಂತ ನೀರು ಅದು. ನಮ್ಮಮ್ಮನಿಗೆ ಅದೇ ಇಷ್ಟ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮಾಗಡಿ ಕಡೆ ಇರುವ ನನ್ನ ಅಕ್ಕನ ಮಗಳು ತಮ್ಮ ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆ ಮಾಡುವ ತರಬೇತಿ ತಗೊಂಡಿದ್ದಾಳೆ. ಹಬ್ಬಕ್ಕೆ ಬಂದಾಗ ಬ್ಯಾಗಿನಲ್ಲಿ ಎಚ್‌ಟುಎಸ್ ಬಾಟಲಿಗಳಿದ್ದವು. ಒಳಗೆ ಔಷಧಿ ಹಚ್ಚಿದ ಕಾಗದದ ಚೂರು ಇರುವ ಚಿಕ್ಕ ಬಾಟಲಿ. ಗುರುತಿನ ತನಕ ನೀರು ತುಂಬಿ ಮುಚ್ಚಿಟ್ಟರೆ, ಮಲದ ಜೊತೆ ಬರುವಂಥ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. "ಮಾವ, ಸುಮ್ನೆ ನೋಡೋಣ" ಅಂತ ಮೂರು ಬಾಟಲಿ ತುಂಬಿದಳು. ಒಂದಕ್ಕೆ ಓವರ್‌ಹೆಡ್ ಟ್ಯಾಂಕಿನ ನೀರು, ಒಂದಕ್ಕೆ ಪ್ಯೂರಿಫೈಯರ್ ನೀರು, ಇನ್ನೊಂದಕ್ಕೆ ಕುದಿಸಿ ಆರಿಸಿದ ನೀರು.

ಮಾರನೇ ದಿನ ಟ್ಯಾಂಕಿನದು ಕಪ್ಪಾಯಿತು. ಅದು ಆಶ್ಚರ್ಯ ಅಲ್ಲ. ಕಾವೇರಿ ನೀರು ಕ್ಲೋರಿನ್ ಹಾಕಿಸಿಕೊಂಡೇ ಬರುತ್ತದೆ, ಆದರೆ ನಮ್ಮ ಸಂಪಿನಲ್ಲಿ ಕೂತು, ಮೇಲಿನ ಟ್ಯಾಂಕಿನಲ್ಲಿ ಕೂತು, ಅಡುಗೆಮನೆಗೆ ಇಳಿಯುವಷ್ಟರಲ್ಲಿ ಆ ಕ್ಲೋರಿನ್ ಬಹಳಷ್ಟು ಹೋಗಿರುತ್ತದೆ. ನೀರು ಸಾಲದಾಗ ಅದೇ ಸಂಪಿಗೆ ಟ್ಯಾಂಕರ್ ನೀರೂ ಬೀಳುತ್ತದೆ. ಎರಡನೇ ದಿನ ಪ್ಯೂರಿಫೈಯರ್ ಬಾಟಲಿಯೂ ಕಪ್ಪಾಯಿತು. ಕುದಿಸಿದ್ದು ಮಾತ್ರ ಹಾಗೇ ಇತ್ತು. ಅವಳು ನನ್ನ ಮುಖ ನೋಡಿದಳು. ನಾನು ಪ್ಯೂರಿಫೈಯರಿನ ನೀಲಿ ಕಿಂಡಿ ನೋಡಿದೆ. ಬೆಳಕು ಜೋರಾಗೇ ಇತ್ತು.

ಆಗ ತಲೆಗೆ ಹೊಳೆದದ್ದು ನನ್ನ ಕಸುಬಿನದೇ ವಿಷಯ. ಟ್ಯೂಬ್‌ಲೈಟಿನ ಒಳಗಿನ ಪಾದರಸದ ಆವಿಯಿಂದ ಬರುವುದು ಬಹುಪಾಲು ಕಣ್ಣಿಗೆ ಕಾಣದ 254 ನ್ಯಾನೋಮೀಟರ್ ಕಿರಣ. ಗಾಜಿನ ಒಳಗಿನ ಬಿಳಿ ಪುಡಿ ಅದನ್ನು ಬೆಳಕು ಮಾಡುತ್ತದೆ. ಯುವಿ ದೀಪವೂ ಅದೇ ಜಾತಿ, ಆದರೆ ಪುಡಿ ಇಲ್ಲ. ಆ ಕಿರಣವನ್ನು ಹೊರಗೆ ಬಿಡುವ ಬೇರೆ ಗಾಜು ಬಳಸಿರುತ್ತಾರೆ. ಕ್ರಿಮಿಯನ್ನು ಕೊಲ್ಲುವುದು ಆ ಕಾಣದ ಕಿರಣ. ನಮಗೆ ಕಾಣುವ ನೀಲಿ ಅದರ ಜೊತೆ ಬರುವ ಚೂರುಪಾರು ಬೆಳಕು ಅಷ್ಟೇ. ದೀಪ ಹಳೆಯದಾದ ಹಾಗೆ ಗಾಜು ಒಳಗಿನಿಂದ ಮಂಕಾಗುತ್ತದೆ, ಆ ಕಿರಣವನ್ನು ತಾನೇ ತಡೆಯಲು ಶುರುಮಾಡುತ್ತದೆ. ನೀಲಿ ಬೆಳಕಿಗೆ ಅಷ್ಟು ಅಡ್ಡಿ ಆಗುವುದಿಲ್ಲ. ಹಾಗಾಗಿ ನೀಲಿ ಕಾಣುತ್ತಲೇ ಇರುತ್ತದೆ, ಕೆಲಸ ನಿಂತಿರುತ್ತದೆ.

ಇಂಥ ದೀಪಗಳಿಗೆ ತಯಾರಕರು ಹೇಳುವ ಆಯಸ್ಸು ಸಾಮಾನ್ಯವಾಗಿ 8,000ದಿಂದ 9,000 ಗಂಟೆ. ಒಂದು ವರ್ಷಕ್ಕೆ 8,760 ಗಂಟೆ. ವರ್ಷಕ್ಕೊಮ್ಮೆ ಬದಲಿಸಿ ಅನ್ನುವ ಮಾತು ಬಂದಿರುವುದೇ ಈ ಲೆಕ್ಕದಿಂದ. ನಾನು ಹಳೇ ಬಿಲ್ ಹುಡುಕಿ ತೆಗೆದೆ. ನಮ್ಮ ದೀಪ ಹಾಕಿ 3 ವರ್ಷ 2 ತಿಂಗಳು. ಕರೆಂಟ್ ಹೋದ ಹೊತ್ತು ಕಳೆದರೂ 27,000 ಗಂಟೆ ಹತ್ತಿರ. ಮೂರು ದೀಪದ ಆಯಸ್ಸು ಒಂದೇ ದೀಪದಲ್ಲಿ ತೆಗೆದಿದ್ದೆವು.

ವರ್ಷ ವರ್ಷ ಸರ್ವಿಸ್ ಆಗುತ್ತಿತ್ತಲ್ಲ ಅಂತ ನೀವು ಕೇಳಬಹುದು. ಆಗುತ್ತಿತ್ತು. ಒಪ್ಪಂದದಲ್ಲಿ ಫಿಲ್ಟರ್ ಮತ್ತು ಕಾರ್ಬನ್ ಇತ್ತು, ದೀಪ ಇರಲಿಲ್ಲ. ಬಂದ ಹುಡುಗ ಕಿಂಡಿ ನೋಡಿ "ಲೈಟ್ ಉರೀತಿದೆ ಸಾರ್, ಚೆನ್ನಾಗಿದೆ" ಅನ್ನುತ್ತಿದ್ದ. ನಾನೂ ಹೂಂ ಅನ್ನುತ್ತಿದ್ದೆ. ದೀಪ ಕೆಟ್ಟರೆ ಕೂಗುವ ಬಜರ್ ಇದೆ ಅನ್ನುವ ಧೈರ್ಯ ಬೇರೆ. ಆಮೇಲೆ ಬೋರ್ಡು ಬಿಚ್ಚಿ ನೋಡಿದರೆ ಅದು ಗಮನಿಸುತ್ತಿದ್ದದ್ದು ದೀಪದಲ್ಲಿ ಕರೆಂಟ್ ಹರಿಯುತ್ತಿದೆಯಾ ಇಲ್ಲವಾ ಅಂತ ಮಾತ್ರ. ಕಿರಣ ಎಷ್ಟು ಬರುತ್ತಿದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ.

ಇನ್ನೊಂದು ವಿಷಯ ನನಗೆ ಜಾಸ್ತಿ ಚುಚ್ಚಿತು. ಕಾರ್ಬನ್ ಫಿಲ್ಟರ್ ನೀರಿನಲ್ಲಿ ಉಳಿದ ಕ್ಲೋರಿನ್ನನ್ನೂ ತೆಗೆದುಬಿಡುತ್ತದೆ. ರುಚಿಗೆ ಒಳ್ಳೆಯದು. ಆದರೆ ಕ್ಲೋರಿನ್ ಇಲ್ಲದ ಒದ್ದೆ ಇದ್ದಿಲಿನಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತವೆ. ಅದರ ಮುಂದೆ ಕಾವಲಿಗೆ ಇರುವುದು ಯುವಿ ದೀಪ ಒಂದೇ. ಆ ದೀಪ ಸತ್ತಿದ್ದರೆ, ಕ್ಲೋರಿನ್ ಇರುವ ನಲ್ಲಿ ನೀರಿಗಿಂತ ಪ್ಯೂರಿಫೈಯರ್ ನೀರೇ ಕೆಟ್ಟದ್ದಾಗಿರಬಹುದು. ಅವತ್ತಿನಿಂದ ಹೊಸ ದೀಪ ಬರುವ ತನಕ ನೀರು ಕುದಿಸಿದೆವು.

ದೀಪ ತರಲು ಎಸ್‌ಪಿ ರೋಡಿಗೆ ಹೋದೆ. ಹಳೆಯದನ್ನೇ ಬಟ್ಟೆಯಲ್ಲಿ ಸುತ್ತಿ ಒಯ್ದೆ. ವ್ಯಾಟ್, ಉದ್ದ, ಪಿನ್ ಎಷ್ಟು ಮತ್ತು ಯಾವ ಕಡೆ, ಈ ಮೂರೂ ಹೊಂದಬೇಕು. ನಮ್ಮದು 8 ವ್ಯಾಟಿನದು, ಹೆಚ್ಚುಕಡಿಮೆ ಒಂದಡಿ ಉದ್ದ, ಎರಡೂ ತುದಿಗೆ ಎರಡೆರಡು ಪಿನ್. 11 ವ್ಯಾಟಿನ ದೀಪಗಳಲ್ಲಿ ಪಿನ್‌ಗಳೆಲ್ಲ ಒಂದೇ ಕಡೆ ಇರುವುದೂ ಇವೆ. ಜಾಸ್ತಿ ವ್ಯಾಟ್ ಹಾಕಿದರೆ ಜಾಸ್ತಿ ಕ್ರಿಮಿ ಸಾಯುತ್ತವೆ ಅಂತ ಲೆಕ್ಕ ಹಾಕಬೇಡಿ, ಚೋಕು ಅದಕ್ಕೆ ತಕ್ಕ ಹಾಗೆ ಇರುವುದಿಲ್ಲ. ಒಂದು ಅಂಗಡಿಯಲ್ಲಿ ಒಳಗೆ ಪುಡಿ ಬಳಿದ ನೀಲಿ ಟ್ಯೂಬು ತೋರಿಸಿದರು. ಅದು ನೋಡಲಿಕ್ಕೆ ನೀಲಿ, ನೀರಿಗೆ ಪ್ರಯೋಜನ ಇಲ್ಲ. ಯುವಿ ದೀಪದ ಗಾಜು ಆರಪಾರ ಕಾಣಬೇಕು.

ದೀಪ ಬದಲಿಸುವುದಷ್ಟೇ ಆದರೆ ಅರ್ಧ ಗಂಟೆಯ ಕೆಲಸ. ಸ್ವಿಚ್ ಆರಿಸಿ ಪ್ಲಗ್ಗನ್ನೇ ಕಿತ್ತೆ. ನೀರಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಒಳಗಿನ ನೀರು ಇಳಿಸಿದೆ. ಎರಡು ಕಡೆಯ ರಬ್ಬರ್ ಮುಚ್ಚಳ ಬಿಚ್ಚಿ, ಪಿನ್‌ಗಳಿಂದ ವೈರಿನ ಹೋಲ್ಡರ್ ಎಳೆದು, ದೀಪವನ್ನು ಮೆತ್ತಗೆ ಜಾರಿಸಿ ಹೊರಗೆ ತೆಗೆದೆ. ಎರಡೂ ತುದಿ ಎರಡು ಬೆರಳಗಲ ಮಸಿ ಹಿಡಿದಿತ್ತು. ಗಿರಾಕಿ ತಂದಿದ್ದರೆ ಒಂದೇ ನೋಟಕ್ಕೆ ಹೇಳುತ್ತಿದ್ದೆ.

ದೀಪಕ್ಕೂ ನೀರಿಗೂ ನಡುವೆ, ದೀಪಕ್ಕೆ ಅಂಗಿಯ ತೋಳಿನ ಹಾಗೆ ತೊಡಿಸಿದ ಕ್ವಾರ್ಟ್ಜ್ ಗಾಜಿನ ತೋಳು ಇರುತ್ತದೆ. ನಾನು ಅದನ್ನೂ ತೆಗೆದೆ. ಇದನ್ನು ಮಾತ್ರ ಬಿಡಬೇಡಿ. ಗಡಸು ಟ್ಯಾಂಕರ್ ನೀರಿನಿಂದ ಅದರ ಮೇಲೆ ಹಂಡೆಯಲ್ಲಿ ಕಟ್ಟುವಂಥದ್ದೇ ಬಿಳಿ ಪೊರೆ ಕಟ್ಟಿತ್ತು. ಈ ಪೊರೆ ಇದ್ದರೆ ಹೊಸ ದೀಪ ಹಾಕಿದರೂ ಕಿರಣ ನೀರಿಗೆ ತಲುಪುವುದಿಲ್ಲ. ನಿಂಬೆರಸದಲ್ಲಿ ಒಂದು ಗಂಟೆ ನೆನೆಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ, ಕನ್ನಡಿಯಂತೆ ಆಯಿತು. ಉಜ್ಜುವ ನಾರು ತಾಗಿಸಬೇಡಿ, ಗೀರು ಬೀಳುತ್ತದೆ. ತೋಳು ಜೋಡಿಸಿ, ದೀಪ ಇಲ್ಲದೆಯೇ ಅರ್ಧ ಗಂಟೆ ನೀರು ಬಿಟ್ಟು ಎಲ್ಲೂ ಜಿನುಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಆಮೇಲೆ ಹೊಸ ದೀಪ. ಬೆರಳಿನ ಜಿಡ್ಡು ಗಾಜಿಗೆ ಹತ್ತದ ಹಾಗೆ ಬಟ್ಟೆಯಲ್ಲಿ ಹಿಡಿದೇ ಹಾಕಿದೆ.

ಹೊರಗಡೆ ಹಚ್ಚಿ ಪರೀಕ್ಷೆ ಮಾಡುವ ಚಪಲ ಬೇಡ. ವೆಲ್ಡಿಂಗ್ ನೋಡಿದವರಿಗೆ ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ಆಗುತ್ತದಲ್ಲ, ಇದರಿಂದಲೂ ಅದೇ ಆಗುತ್ತದೆ. ಕೊಳವೆ ಮುಚ್ಚಿಯೇ ಸ್ವಿಚ್ ಹಾಕಬೇಕು. ನಾನು ಹಳೆಯದನ್ನೂ ಹೊಸದನ್ನೂ ಒಂದಾದ ಮೇಲೊಂದು ಒಳಗೆ ಹಾಕಿ ಕಿಂಡಿಯಲ್ಲಿ ನೋಡಿದೆ. ನೀಲಿಯಲ್ಲಿ ವ್ಯತ್ಯಾಸವೇ ಇಲ್ಲ, ದೇವರಾಣೆ.

ಅಷ್ಟಾದರೂ ಮತ್ತೆ ತುಂಬಿಸಿದ ಬಾಟಲಿ ಎರಡನೇ ದಿನ ಕಪ್ಪಾಯಿತು! ಚೋಕು ಬಿಚ್ಚಿದೆ, ಸರಿ ಇತ್ತು. ದೀಪದ ಎರಡು ತುದಿ ಮಾತ್ರ ಕೆಂಪಗೆ ಕಾದು ನಡುವೆ ಹತ್ತದಿದ್ದರೆ, ಅಥವಾ ಮಿನುಗುತ್ತಿದ್ದರೆ, ಚೋಕು ಇಲ್ಲವೇ ದೀಪ ಎರಡರಲ್ಲೊಂದು ಹೋಗಿರುತ್ತದೆ. ಚೆನ್ನಾಗಿರುವ ಇನ್ನೊಂದು ದೀಪ ಹಾಕಿದರೆ ಯಾವುದು ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಆ ತೊಂದರೆ ಅಲ್ಲ. ಕೊನೆಗೆ ಸಿಕ್ಕಿದ್ದು ದೀಪದ ಕೊಳವೆಯಿಂದ ನಲ್ಲಿಗೆ ಬರುವ ಒಂದಡಿ ಪೈಪು. ಒಳಗೆ ಬೆರಳಾಡಿಸಿದರೆ ಲೋಳೆ. ಯುವಿ ತನ್ನ ಎದುರು ಹಾದುಹೋಗುವ ನೀರಿಗೆ ಮಾತ್ರ ಕೆಲಸ ಮಾಡುತ್ತದೆ, ಕ್ಲೋರಿನ್ ಹಾಗೆ ನೀರಿನ ಜೊತೆ ಮುಂದೆ ಹೋಗುವುದಿಲ್ಲ. ಮೂರು ವರ್ಷ ಬೆಳೆದ ಲೋಳೆ ದೀಪ ದಾಟಿದ ಮೇಲೆ ನೀರನ್ನು ಮತ್ತೆ ಕೆಡಿಸುತ್ತಿತ್ತು. ಪೈಪ್ ಹೊಸದು ಹಾಕಿದೆ, ನಲ್ಲಿ ಬಿಚ್ಚಿ ಕುದಿಯುವ ನೀರಲ್ಲಿ ಅದ್ದಿ ಬ್ರಶ್ಶಿನಲ್ಲಿ ತಿಕ್ಕಿದೆ. ಆಮೇಲೆ ತುಂಬಿಸಿದ ಬಾಟಲಿ ಎರಡು ದಿನ ಆದರೂ ಹಾಗೇ ಉಳಿಯಿತು. ಬಾಟಲಿ ಕಪ್ಪಾಗಲಿಲ್ಲ ಅಂದರೆ ಎಲ್ಲಾ ಬಗೆಯ ಕ್ರಿಮಿಯೂ ಇಲ್ಲ ಅಂತಲ್ಲ, ಅದನ್ನು ಅಕ್ಕನ ಮಗಳೇ ಹೇಳಿದಳು. ಚಳಿಗಾಲದಲ್ಲಿ ಕಪ್ಪಾಗಲು ಜಾಸ್ತಿ ಹೊತ್ತೂ ಬೇಕಂತೆ.

ಈಗ ನಮ್ಮ ರೂಢಿ ಬದಲಾಗಿದೆ. ಬೆಳಿಗ್ಗೆ, ಸಂಜೆ ಸ್ವಿಚ್ ಹಾಕಿ ಎರಡು ನಿಮಿಷ ದೀಪ ಕಾಯಲು ಬಿಡುತ್ತೇವೆ. ಮೊದಲ ಎರಡು ಲೀಟರ್ ತುಳಸಿ ಗಿಡಕ್ಕೆ, ಆಮೇಲಿನದು ಸ್ಟೀಲ್ ಡ್ರಮ್ಮಿಗೆ. ಡ್ರಮ್ ದಿನಾ ತೊಳೆಯಬೇಕು, ಕಾರಣ ಮೇಲೆ ಹೇಳಿದ್ದೇ, ಯುವಿ ನೀರಿನ ಜೊತೆ ಡ್ರಮ್ಮಿನ ತನಕ ಬರುವುದಿಲ್ಲ. ಪ್ರತಿ ಲೋಟಕ್ಕೂ ಸ್ವಿಚ್ ಹಾಕಿ ಆರಿಸುವುದು ಬೇಡ. ಒಂದೊಂದು ಸಲ ಹತ್ತಿದಾಗಲೂ ತುದಿಯ ತಂತಿಯ ಮೇಲಿನ ಲೇಪ ಸವೆಯುತ್ತದೆ, ಟ್ಯೂಬ್‌ಲೈಟಿನ ಕಥೆಯೇ.

ಎಷ್ಟು ದಿನಕ್ಕೆ ಬದಲಿಸಬೇಕು ಅನ್ನುವುದು ಹೀಗೆ ದೀಪ ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದರ ಮೇಲಿದೆ. ಸ್ವಿಚ್ ಆರಿಸದ ಮನೆಯಾದರೆ 12 ತಿಂಗಳು, ಅದರ ಮೇಲೆ ಒಂದು ದಿನವೂ ಬೇಡ. ಟ್ಯಾಂಕ್ ಇರುವ ಆರ್‌ಒ ಯಂತ್ರದಲ್ಲಿ ತುಂಬುವಾಗ ಮಾತ್ರ ದೀಪ ಹತ್ತುವುದಾದರೆ ಗಂಟೆ ಲೆಕ್ಕ ಬಹಳ ಕಡಿಮೆ. ಆದರೆ ಲೋಟ ಲೋಟಕ್ಕೂ ಟ್ಯಾಂಕ್ ತುಂಬಲು ಶುರುವಾಗಿ ದೀಪ ಹತ್ತಿ ಆರುತ್ತಿರುತ್ತದೆ. ಅಂಥದ್ದನ್ನೂ ನಾನು ಎರಡು ವರ್ಷದಾಚೆ ಬಿಡುವುದಿಲ್ಲ. ಮ್ಯಾನ್ಯುಯಲ್ಲಿನಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದನ್ನೇ ಪಾಲಿಸಿ. ತೋಳನ್ನು ಮಾತ್ರ ಟ್ಯಾಂಕರ್, ಬೋರ್ ನೀರಿನ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ. ಆರ್‌ಒ ದಾಟಿ ಬಂದ ನೀರಾದರೆ ಪೊರೆ ಅಷ್ಟು ಕಟ್ಟುವುದಿಲ್ಲ.

ದೀಪ ಹಾಕಿದ ತಾರೀಖನ್ನು ಈಗ ಸ್ಟೀಲ್ ಕೊಳವೆಯ ಮೇಲೇ ಮಾರ್ಕರಿನಲ್ಲಿ ಬರೆದಿದ್ದೇನೆ. ಹಳೇ ದೀಪದೊಳಗೆ ಪಾದರಸ ಇದೆ, ಒಡೆಯಬಾರದು, ಒಣಕಸಕ್ಕೂ ಹಾಕಬಾರದು. ಅಂಗಡಿಯ ಹಳೇ ಟ್ಯೂಬುಗಳ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟೆ.