ಜಗಲಿಯಲ್ಲಿ ಬಜೆಟ್ ಕೇಳಿ ಬೇಸ್ತು ಬಿದ್ದೆ

ಶಿರಸಿ ಸುತ್ತಮುತ್ತ ಅಡಿಕೆ ಸುಲಿಯುವ ಯಂತ್ರ ಮಾರುವುದು ನನ್ನ ಕೆಲಸ. ಶುರುವಿನಲ್ಲಿ ನನಗೆ ಕಲಿಸಿದ್ದು ನಾಲ್ಕೇ ಪ್ರಶ್ನೆ. ದುಡ್ಡು ಎಷ್ಟಿದೆ, ತೀರ್ಮಾನ ಯಾರದ್ದು, ಬೇಕಾ ಬೇಡವಾ, ಯಾವಾಗ ಬೇಕು. ಇಂಗ್ಲಿಷ್ ಅಕ್ಷರ ಸೇರಿಸಿ ಇದಕ್ಕೆ ಬ್ಯಾಂಟ್ ಅಂತಾರೆ. ಅದನ್ನೇ ಹಿಡಿದುಕೊಂಡು ಒಂದು ಮನೆಯ ಜಗಲಿ ಹತ್ತಿದೆ. ಕವಳದ ಬಟ್ಟಲು ಮುಂದೆ ಬಂತು. ನಾನು ಕೇಳಿದ್ದು, "ಯಜಮಾನ್ರೇ, ಎಷ್ಟರೊಳಗಿನ ಮಷಿನ್ ನೋಡ್ತಿದ್ದೀರಿ?"

"ನಾ ನೋಡ್ತಾ ಇಲ್ಲ ತಮ್ಮಾ. ನೀನೇ ಬಂದದ್ದು."

ಅಲ್ಲಿಗೆ ಮುಗಿಯಿತು. ಇನ್ನೂ ಬೇಕು ಅನಿಸದ ವಸ್ತುವಿಗೆ ಯಾರೂ ದುಡ್ಡು ತೆಗೆದಿಟ್ಟಿರುವುದಿಲ್ಲ. ಉತ್ತರ ಸೊನ್ನೆ ಅಂತ ಬಂದಾಗ ನಾನು "ಗಿರಾಕಿ ಅಲ್ಲ" ಅಂತ ಡೈರಿಯಲ್ಲಿ ಬರೆದುಕೊಂಡೆ. ತಪ್ಪು ನನ್ನದು.

ಆಮೇಲೆ ಸ್ಪಿನ್ ಪದ್ಧತಿ ಕಲಿತೆ. ನೀಲ್ ರ್ಯಾಕ್‌ಹ್ಯಾಮ್ ಅನ್ನುವವರ ತಂಡ 35,000 ಮಾರಾಟದ ಭೇಟಿಗಳನ್ನು ಗಮನಿಸಿ ಕಂಡುಕೊಂಡದ್ದು ಇದು. ಮೊದಲು ಸ್ಥಿತಿ, ಆಮೇಲೆ ಸಮಸ್ಯೆ, ಆಮೇಲೆ ಆ ಸಮಸ್ಯೆ ಎಲ್ಲೆಲ್ಲಿ ಹೊಡೆಯುತ್ತದೆ ಅನ್ನುವುದು, ಕೊನೆಗೆ ಅದು ಸರಿಹೋದರೆ ಏನು ಸಿಗುತ್ತದೆ ಅನ್ನುವುದು. ಮುಂದಿನ ವರ್ಷ ಅದೇ ಜಗಲಿಗೆ ಹೋದೆ.

ಸ್ಥಿತಿಯ ಪ್ರಶ್ನೆ ಜಾಸ್ತಿ ಕೇಳಲಿಲ್ಲ. ಕರೆಂಟು ಸಿಂಗಲ್ ಫೇಸಾ ಅಂತ ಮೀಟರ್ ನೋಡಿದರೆ ಗೊತ್ತಾಗುತ್ತೆ, ಅಟ್ಟದ ಮೇಲಿನ ಚೀಲಗಳು ಕೆಳಗಿನಿಂದಲೇ ಕಾಣುತ್ತವೆ. ಕಣ್ಣಿಗೆ ಕಾಣುವುದನ್ನು ಕೇಳಿದರೆ ಜನಕ್ಕೆ ಬೇಜಾರು ಬರುತ್ತದೆ. ಕೇಳಿದ್ದು ಒಂದೇ: ಒಣಗಿಸಿ ಸುಲಿದ ಚಾಲಿ ಅಡಿಕೆ ಎಷ್ಟಾಗುತ್ತೆ? ಹದಿನೈದು ಕ್ವಿಂಟಾಲ್.

ಸಮಸ್ಯೆ ಕೇಳಿದೆ. ಸುಲಿಯಲು ಮೆಟ್ಟುಗತ್ತಿ ಹಿಡಿಯುವ ಜನ ಸಿಗುವುದಿಲ್ಲ, ಸಿಕ್ಕರೆ ಕೆಜಿಗೆ 14 ರೂಪಾಯಿ ಕೊಡಬೇಕು ಅಂದರು. ಮೊದಲಾಗಿದ್ದರೆ ಇಲ್ಲೇ ಯಂತ್ರದ ಫೋಟೋ ತೆಗೆಯುತ್ತಿದ್ದೆ. ಆದರೆ ಲೆಕ್ಕ ಹಾಕಿ ನೋಡಿ. ವರ್ಷದ ಕೂಲಿ 21,000. ಯಂತ್ರಕ್ಕೆ 1,10,000. ಹಾಕಿದ ದುಡ್ಡು ಹುಟ್ಟಲು ಐದು ವರ್ಷಕ್ಕೂ ಜಾಸ್ತಿ ಬೇಕು! ಬರೀ ಕೂಲಿ ಲೆಕ್ಕದಲ್ಲಿ ಯಾವ ಬುದ್ಧಿವಂತನೂ ಕೊಳ್ಳುವುದಿಲ್ಲ.

ಅದಕ್ಕೇ ಮುಂದೆ ಹೋದೆ. "ಜನ ತಡವಾಗಿ ಬಂದ್ರೆ ಚೀಲ ಎಲ್ಲೀವರೆಗೆ ಅಟ್ಟದಲ್ಲಿರ್ತದೆ?" ಹೋದ ಸಲ ಮಳೆಗಾಲ ಹಿಡಿದಿತ್ತಂತೆ. "ಬೂಷ್ಟು?" ಎರಡು ಚೀಲಕ್ಕೆ. "ಹಾಗಾದ್ರೆ ಸೊಸೈಟಿ ಬೆಳೆಸಾಲದ ಗಡುವಿಗೆ ಏನು ಮಾಡಿದ್ರಿ?" ಯಜಮಾನರು ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಕೈಯಲ್ಲೇ ಹಿಡಿದುಕೊಂಡರು. ಸುಲಿಯದ ಅಡಿಕೆ ಮಾರಲಾಗದೆ, ಬಡ್ಡಿ ಬೀಳಬಾರದು ಅಂತ ಹೊರಗೆ ಕೈಸಾಲ ಮಾಡಿ ಕಟ್ಟಿದ್ದರು. ಇದನ್ನು ಅವರು ಯಾವತ್ತೂ "ಸುಲಿಯುವ ಸಮಸ್ಯೆ" ಅಂತ ಲೆಕ್ಕ ಹಿಡಿದಿರಲಿಲ್ಲ.

"ಯುಗಾದಿಯೊಳಗೆ ಎಲ್ಲಾ ಸುಲಿದು ಮುಗಿದ್ರೆ?" ಅಂದೆ. "ಮುಗಿದ್ರೆ ರೇಟು ನೋಡಿ ನಾನೇ ಮಾರ್ತಿದ್ದೆ. ಪಕ್ಕದ ಮನೆಯವರದ್ದೂ ಸುಲಿದು ಕೊಡಬಹುದಿತ್ತು" ಅಂದರು. ಪಕ್ಕದ ಮನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಒಂದು ಎಚ್ಚರ. ನಿಮ್ಮ ಯಂತ್ರ ತೀರಿಸಲಾರದ ಕಷ್ಟವನ್ನು ಕೆದಕಬೇಡಿ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು ಸಿಗದ ಕಥೆ ಎತ್ತಿದರೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಯಂತ್ರ ಮರ ಹತ್ತುವುದಿಲ್ಲವಲ್ಲ.

ಬ್ಯಾಂಟ್ ಕೆಲಸಕ್ಕೆ ಬಂದದ್ದು ಇದಾದ ಮೇಲೆ. "ಮನೆಯಲ್ಲಿ ಯಾರ ಹತ್ರ ಒಂದು ಮಾತು ಕೇಳ್ಬೇಕು?" ಅಂದೆ. ಬೆಂಗಳೂರಿನ ಮಗ. ದುಡ್ಡಿನ ಮಾತು ಬಂದಾಗ "ಸಬ್ಸಿಡಿ ಬಂದ್ಮೇಲೆ ನೋಡುವ" ಅಂದರು. ಇದು ಸುಮ್ನೆ ಸಾಗಹಾಕುವ ಮಾತೂ ಇರಬಹುದು, ನಿಜವೂ ಇರಬಹುದು. ಅರ್ಜಿ ಹಾಕಿದ್ದೀರಾ ಅಂತ ಕೇಳಿದರೆ ಗೊತ್ತಾಗುತ್ತದೆ. ಹಾಕಿರಲಿಲ್ಲ. ಪಹಣಿ ತೆಗೆಸಿ ಈ ವಾರವೇ ಹಾಕುತ್ತೇನೆ ಅಂದರು. ಹಾಗಾದರೆ ನಿಜ ಅಂತ ಬರೆದುಕೊಂಡೆ.

ಕಲಿತ ಹುಮ್ಮಸ್ಸಿನಲ್ಲಿ ಉಲ್ಟಾ ತಪ್ಪನ್ನೂ ಮಾಡಿದೆ. ಒಂದು ಸಹಕಾರಿ ಸಂಘದವರು ಮಾರ್ಚ್ ಮೊದಲ ವಾರ ಕೊಟೇಶನ್ ಕೇಳಿ ಕರೆದಿದ್ದರು. ಹೋಗಿ ಕೂತು, "ಸುಲಿಯೋದ್ರಲ್ಲಿ ನಿಮಗೇನು ತೊಂದರೆ ಸರ್?" ಅಂದೆ. ಕಾರ್ಯದರ್ಶಿಗಳು ಕನ್ನಡಕ ತೆಗೆದು, "ತೊಂದರೆ ಇರೋದಕ್ಕೇ ಕರೆದದ್ದಲ್ವಾ?" ಅಂದರು. ಅಲ್ಲಿ ಕೇಳಬೇಕಾಗಿದ್ದು ಬೇರೆ. ಆಡಳಿತ ಮಂಡಳಿ ಸಭೆ ಯಾವತ್ತು, ಹಣ ಮಂಜೂರಾಗಿದೆಯಾ, 31ರೊಳಗೆ ಬಿಲ್ ಆಗಬೇಕಾ. ಸಮಸ್ಯೆಯ ಬೆಲೆ ತಿಳಿದೇ ಕರೆದವರ ಹತ್ತಿರ ನೇರವಾಗಿ ಆ ನಾಲ್ಕು ಪ್ರಶ್ನೆ. ನಾವಾಗಿ ಹೋದ ಜಗಲಿಯಲ್ಲಿ ಸಮಸ್ಯೆಯಿಂದ ಶುರು. ಯಾರು ಯಾರನ್ನು ಕರೆದರು ಅನ್ನುವುದನ್ನು ಈಗ ಡೈರಿಯಲ್ಲಿ ಮೊದಲ ಸಾಲಿಗೇ ಬರೆಯುತ್ತೇನೆ.

ಯಜಮಾನರ ಮಗ ಭಾನುವಾರ ಫೋನ್ ಮಾಡಿದ. ಕೇಳಿದ್ದು ರೇಟಲ್ಲ. "ಪಕ್ಕದ ಮನೆಯವರು ಅರ್ಧ ಹಾಕ್ತಾರಂತೆ, ಬಿಲ್ ಯಾರ ಹೆಸರಿಗೆ ಮಾಡ್ತೀರಿ?"