ಅಂಚಿನ ಬಣ್ಣದ್ದೇ ಬ್ಯಾಗು ಬೇಡ ಮಾರಾಯ್ತಿ

ಎಲೆಹಸಿರು ರೇಷ್ಮೆ ಸೀರೆ, ಕುಂಕುಮಗೆಂಪು ಅಂಚು. ರವಿಕೆಯೂ ಅದೇ ಕೆಂಪು, ಒಪ್ಪಿದೆ. ಅದರ ಮೇಲೆ ಬ್ಯಾಗೂ ಕೆಂಪು, ಚಪ್ಪಲಿಯೂ ಕೆಂಪು ಯಾಕೆ? ಕೇಳಿದರೆ "ಮ್ಯಾಚಿಂಗ್ ಅತ್ತೆ" ಅನ್ನುತ್ತಾರೆ. ನೋಡುವವರ ಕಣ್ಣು ಸೀರೆಯ ಮೇಲೆ ನಿಲ್ಲದೆ ಕೆಂಪಿಂದ ಕೆಂಪಿಗೆ ಹಾರುತ್ತದೆ. ಸಾಲದ್ದಕ್ಕೆ ರೇಷ್ಮೆಯ ಕೆಂಪು ಚರ್ಮದ ಮೇಲೆ ಹಾಗೇ ಕೂರುವುದೂ ಇಲ್ಲ, ರೇಷ್ಮೆಗೆ ಹೊಳಪಿದೆ, ಚರ್ಮಕ್ಕಿಲ್ಲ. ಕೂದಲೆಳೆಯಷ್ಟು ತಪ್ಪಿದ ಬಣ್ಣ ಪೂರಾ ಬೇರೆ ಬಣ್ಣಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಮೊದಲೆಲ್ಲ ಮನೆಯ ಹೆಂಗಸರಿಗೆ ಇದ್ದದ್ದು ಒಂದೇ ಜೊತೆ ಕಂದು ಚಪ್ಪಲಿ, ಎಲ್ಲ ಸೀರೆಗೂ ಅದೇ ಒಪ್ಪುತ್ತಿತ್ತು. ಅಡಿಕೆ ಚೊಗರಿನ ಬಣ್ಣ ಅದು, ಹಸಿರು, ಅರಿಶಿನ, ನೀಲಿ ಯಾವುದರ ಜೊತೆಗೂ ಜಗಳವಾಡುವುದಿಲ್ಲ. ಈ ಹಸಿರು ಸೀರೆಗೂ ಚಪ್ಪಲಿ ಅದೇ ಇರಲಿ. ಕೆಮ್ಮಣ್ಣು ಸಿಡಿದರೂ ಎದ್ದು ಕಾಣದು. ಮನೆಯಲ್ಲೇ ಕಾರ್ಯವಾದರೆ ಚಪ್ಪಲಿ ಹೇಗೂ ಬಾಗಿಲಲ್ಲೇ ಉಳಿಯುತ್ತದೆ. ದಿನವಿಡೀ ಸೀರೆಗೆ ಒತ್ತಿಕೊಂಡಿರುವುದು ಬ್ಯಾಗು, ತಲೆ ಕೆಡಿಸಿಕೊಳ್ಳಬೇಕಾದದ್ದು ಅದಕ್ಕೆ.

ಅದನ್ನು ಆರಿಸುವುದು ಹೀಗೆ. ರವಿಕೆ ಹೊಲಿಯಲು ಕೊಟ್ಟಾಗ ಕತ್ತರಿಸಿದ ಚೂರನ್ನು ಕೇಳಿ ತನ್ನಿ, ಎರಡು ಬೆರಳಗಲ ಸಾಕು. ಕುಚ್ಚು ಕಟ್ಟಿದಾಗ ಉಳಿದ ಸೀರೆಬಣ್ಣದ ನೂಲನ್ನೂ ಅದಕ್ಕೆ ಸುತ್ತಿ ಪರ್ಸಿನಲ್ಲಿಡಿ. ಗಾಂಧಿ ಬಜಾರಿಗೆ ಹೋದಾಗ ಅಂಗಡಿಯೊಳಗಿನ ದೀಪವನ್ನು ನಂಬಬೇಡಿ, ಅಲ್ಲಿ ಒಂದೇ ಅನಿಸಿದ ಬಣ್ಣ ಬಿಸಿಲಿಗೆ ಬಂದರೆ ಬೇರೆಯಾಗುತ್ತದೆ. ಬ್ಯಾಗನ್ನು ಬಾಗಿಲಿಗೆ ತಂದು, ಚೂರನ್ನು ಅದರ ಮೇಲಿಟ್ಟು, ಒಂದು ಮಾರು ಹಿಂದೆ ಸರಿದು ಕಣ್ಣು ಅರ್ಧ ಮುಚ್ಚಿ ನೋಡಿ. ಚೂರು ಬ್ಯಾಗಿನಲ್ಲಿ ಕರಗಿಹೋದರೆ ಅತಿ ಹೊಂದಿಕೆ, ಬಿಡಿ. ತೇಪೆ ಹಾಕಿದಂತೆ ಕಿರುಚಿದರೂ ಬಿಡಿ. ಮೆತ್ತಗೆ ಬೇರೆಯಾಗಿ ಕಂಡರೆ ಅದೇ ನಿಮ್ಮ ಬ್ಯಾಗು. ಈ ಸೀರೆಗೆ ಮಾಸಲು ಸಾಸಿವೆ ಬಣ್ಣ ಹಾಗೆ ಕೂರುತ್ತದೆ, ಯಾಕೆಂದರೆ ಅದು ಜರಿಯ ಬಳಗದ್ದು, ಜರಿಯ ಹೊಳಪು ಮಾತ್ರ ಅದಕ್ಕಿಲ್ಲ. ಫಳಫಳ ಚಿನ್ನದ ಬ್ಯಾಗು ತಂದರೆ ಜರಿಯೇ ಮಂಕಾಗುತ್ತದೆ. ಅಂದಹಾಗೆ, ಜರಿ ಸೀರೆಗೆ ನುಸಿಗುಳಿಗೆ ತಾಗಿಸಿಡಬೇಡಿ, ಜರಿ ಕಪ್ಪಾಗುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ.

ಬ್ಯಾಗೂ ಚಪ್ಪಲಿಯೂ ಒಂದೇ ಅಂಗಡಿಯ ಜೋಡಿ ಸೆಟ್ ಆಗುವುದೂ ಬೇಡ. ಒಂದು ತಿಳಿ, ಒಂದು ಗಾಢ ಇರಲಿ, ಗಾಢವಾದದ್ದು ಕಾಲಿಗೆ. ಸೀರೆಯ ತುಂಬ ಹೂಬಳ್ಳಿ ಇದ್ದರೆ ಎರಡೂ ಸಾದಾ ಇರಬೇಕು. ಸೀರೆ ಸಾದಾ ಇದ್ದರೆ ಬ್ಯಾಗಿಗೆ ಕಸೂತಿ ಇರಬಹುದು, ಚಪ್ಪಲಿಗೆ ಆಗಲೂ ಬೇಡ.

ಮಳೆಗಾಲಕ್ಕೆ ಮೊದಲು ಬ್ಯಾಗಿನೊಳಗೆ ಹಳೇ ಪೇಪರ್ ತುರುಕಿ ಗಾಳಿಯಾಡುವಲ್ಲಿ ತೂಗುಹಾಕಿ. ಬೂಷ್ಟು ಕಂಡರೆ ಒಣಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ. ಬಚ್ಚಲೊಲೆಯ ಹತ್ತಿರ ಇಟ್ಟರೆ ಚರ್ಮ ಬಿರಿಯುತ್ತದೆ, ಆಮೇಲೆ ಎಂಥ ಬಣ್ಣವಾದರೂ ಉಪಯೋಗವಿಲ್ಲ.